ಉಪ್ಪಿನಕಾಯಿಗೆ ತಕ್ಕ ಪಾತ್ರೆ ಯಾವುದು?

(ಶ್ರೀಮಠದ ಸಭಾಂಗಣದಲ್ಲಿ ಮಹಿಳಾ ಸ್ವಸಹಾಯ ಸಂಘದ ಸದಸ್ಯೆಯರಿಗೆ ನೀಡಿದ ಉಪನ್ಯಾಸದ ಬರಹ ರೂಪ)



ಉಪ್ಪಿನಕಾಯಿ ಹಾಕುವ ಬಗೆಯನ್ನು ನಿಮಗೆ ಹೇಳಿಕೊಡುವ ಅಗತ್ಯವಿಲ್ಲ. ಹಾಕಿದ ಉಪ್ಪಿನಕಾಯಿ ಒಂದು ವರ್ಷ ಯಾವ ಪಾತ್ರೆಯಲ್ಲಿ ಇರುತ್ತದೆ, ಆ ಪಾತ್ರೆ ಅದಕ್ಕೆ ಏನು ಮಾಡುತ್ತದೆ ಎಂಬುದಷ್ಟೇ ಇಂದಿನ ವಿಷಯ. ನೆರೆಯ ಊರಿನ ಒಂದು ಸಂಘದಲ್ಲಿ ನಾನು ಕಣ್ಣಾರೆ ಕಂಡುದನ್ನು ಮೊದಲು ಹೇಳುತ್ತೇನೆ.

ಆ ಸಂಘದವರು ವೈಶಾಖದಲ್ಲಿ 10 ಕಿಲೋ ಮಾವಿನ ಹೋಳಿಗೆ 2 ಕಿಲೋ ಉಪ್ಪು ಬೆರೆಸಿ ಉಪ್ಪಿನಕಾಯಿ ಹಾಕಿದರು. ಭರಣಿಯಲ್ಲಿ ಹಿಡಿಸಿದ್ದು ಅರ್ಧ ಮಾತ್ರ. ಉಳಿದ ಅರ್ಧವನ್ನು ಮನೆಯಲ್ಲಿದ್ದ ಹಳೆಯ ಸ್ಟೀಲ್ ಡಬ್ಬಿಗೆ ತುಂಬಿದರು. ಶ್ರಾವಣದಲ್ಲಿ ತೆರೆದು ನೋಡಿದಾಗ ಭರಣಿಯಲ್ಲಿದ್ದುದು ಕೆಂಪಗೆ, ಘಮಘಮಿಸುವಂತೆ ಇತ್ತು. ಡಬ್ಬಿಯಲ್ಲಿ ಗೋಡೆಗೆ ತಾಗಿದ್ದ ಹೋಳುಗಳು ಕಪ್ಪಗಾಗಿದ್ದವು. ರಸ ನಿಂತಿದ್ದ ಮಟ್ಟದಲ್ಲಿ ಕಂದು ಬಣ್ಣದ ಗೆರೆಯೊಂದು ಸುತ್ತಲೂ ಮೂಡಿತ್ತು. ಡಬ್ಬಿಯನ್ನು ತೊಳೆದು ಬಿಸಿಲಿಗೆ ಹಿಡಿದಾಗ ಬೆಸುಗೆಯ ಜಾಡಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಕುಳಿಗಳು ಕಂಡವು. ಮಾವು ಒಂದೇ, ಉಪ್ಪು ಒಂದೇ, ಕಲಸಿದ ಕೈಯೂ ಒಂದೇ. ಬೇರೆಯಾಗಿದ್ದುದು ಪಾತ್ರೆ ಮಾತ್ರ. ಅರ್ಧದಷ್ಟು ಉಪ್ಪಿನಕಾಯಿಯನ್ನು ಅವರು ಗುಂಡಿ ತೋಡಿ ಹೂಳಬೇಕಾಯಿತು.

ಇದಕ್ಕೆ ಕಾರಣ ಸರಳವಾದುದು. ಉಪ್ಪಿನಕಾಯಿಯನ್ನು ಕೆಡದಂತೆ ಕಾಯುವ ಉಪ್ಪು ಮತ್ತು ಹುಳಿಗಳೇ ಪಾತ್ರೆಯನ್ನು ತಿನ್ನುತ್ತವೆ. ಸ್ಟೀಲು ತುಕ್ಕು ಹಿಡಿಯದಿರಲು ಕಾರಣ ಅದರ ಮೈಮೇಲಿರುವ, ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡಿನ ಪೊರೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಹುಳಿ ಆ ಚುಚ್ಚನ್ನು ಕುಳಿಯಾಗಿಸುತ್ತದೆ. ಅಲ್ಲಿಂದ ಕರಗಿ ಬಂದ ಕಬ್ಬಿಣವು ಮಾವಿನ ಒಗರಿನೊಡನೆ ಸೇರಿದಾಗ ಕಪ್ಪು ಬಣ್ಣ ಹುಟ್ಟುತ್ತದೆ. ಆದ್ದರಿಂದ ಸ್ಟೀಲ್ ಪಾತ್ರೆಯನ್ನು ಹೋಳು ಕಲಸಲು, ಒಂದೆರಡು ದಿನ ಉಪ್ಪಿನಲ್ಲಿ ನೆನೆಯಿಡಲು, ಊಟದ ಪಂಕ್ತಿಯಲ್ಲಿ ಬಡಿಸಲು ಧಾರಾಳವಾಗಿ ಬಳಸಬಹುದು. ವರ್ಷದ ಶೇಖರಣೆಗೆ ಅದು ತಕ್ಕುದಲ್ಲ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಗಳಂತೂ ಕಲಸಲೂ ಬೇಡ. ಹುಳಿ ತಾಗಿದೊಡನೆ ಇವು ಕರಗತೊಡಗುತ್ತವೆ. ತಾಮ್ರ, ಹಿತ್ತಾಳೆಗಳ ಕಿಲುಬು ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು ಬರುತ್ತದೆ.

ಹಾಗಾದರೆ ಭರಣಿಯೇ ಶ್ರೇಷ್ಠವೆ? ಒಳ್ಳೆಯ ಭರಣಿಯಾದರೆ ಹೌದು. ಆದರೆ ಈ ನಾಲ್ಕು ಬಗೆಯ ಪಾತ್ರೆಗಳಲ್ಲಿ ಕಣ್ಣಿಗೆ ಕಾಣದ ಅಪಾಯವೂ ಭರಣಿಯಲ್ಲಿಯೇ ಇರಬಹುದು. ಭರಣಿಯ ಮೇಲಿನ ಹೊಳಪು ಒಂದು ಬಗೆಯ ಗಾಜಿನ ಲೇಪ. ಸುಮಾರು 1200 ಡಿಗ್ರಿಗೂ ಮೀರಿದ ಬೆಂಕಿಯಲ್ಲಿ ಸುಟ್ಟ ಗಟ್ಟಿ ಭರಣಿಗೆ ಸೀಸದ ಅಗತ್ಯವಿರುವುದಿಲ್ಲ. ಕಡಿಮೆ ಶಾಖದಲ್ಲಿ ಸುಟ್ಟ ಅಗ್ಗದ ಮಣ್ಣಿನ ಪಾತ್ರೆಗಳಿಗೆ ಹೊಳಪು ಬರಲೆಂದು ಕೆಲವೆಡೆ ಸೀಸ ಬೆರೆತ ಲೇಪ ಹಾಕುವುದುಂಟು. ಹುಳಿಯು ಆ ಸೀಸವನ್ನು ನಿಧಾನವಾಗಿ ಹೊರಗೆಳೆಯುತ್ತದೆ. ಇಂಥ ಲೇಪವನ್ನು ಪರೀಕ್ಷಿಸಲು ಪ್ರಯೋಗಾಲಯದಲ್ಲಿ ನೂರಕ್ಕೆ 4ರಷ್ಟು ಅಸೆಟಿಕ್ ಆಮ್ಲವಿರುವ ನೀರನ್ನು ಪಾತ್ರೆಯಲ್ಲಿ 24 ಗಂಟೆ ಇಟ್ಟು, ಎಷ್ಟು ಸೀಸ ಬಿಟ್ಟಿದೆಯೆಂದು ಅಳೆಯುತ್ತಾರೆ. ನಮ್ಮ ಉಪ್ಪಿನಕಾಯಿಯಾದರೋ ಅದರಲ್ಲಿ ವರ್ಷವಿಡೀ ಕುಳಿತಿರುತ್ತದೆ.

ಸೀಸಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಅದು ಬೆರೆತರೂ ಉಪ್ಪಿನಕಾಯಿಯ ಬಣ್ಣ ಕೆಡುವುದಿಲ್ಲ. ಗರ್ಭಿಣಿಯ ದೇಹದಿಂದ ಅದು ಮಗುವಿಗೂ ಹೋಗುತ್ತದೆ. ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟರವರೆಗೆ ಹಾನಿಯಿಲ್ಲವೆಂದು ಹೇಳಬಹುದಾದ ಸೀಸದ ಪ್ರಮಾಣವೇ ತಿಳಿದಿಲ್ಲವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಮನೆಯಲ್ಲಿ ಮಾಡಬಹುದಾದ ಎರಡು ಪರೀಕ್ಷೆಗಳನ್ನು ಹೇಳುತ್ತೇನೆ. ಒಣಗಿದ ಭರಣಿಯನ್ನು ಬೋರಲು ಹಾಕಿ, ಅಡಿಯಲ್ಲಿ ಲೇಪವಿಲ್ಲದ ಅಂಚಿನ ಮೇಲೆ ಒಂದು ಹನಿ ನೀರು ಬಿಡಿ. ಹನಿ ಹಾಗೆಯೇ ನಿಂತರೆ ಭರಣಿ ಚೆನ್ನಾಗಿ ಬೆಂದಿದೆ. ಮಣ್ಣು ಅದನ್ನು ಹೀರಿಕೊಂಡರೆ ಬೆಂದದ್ದು ಸಾಲದು. ಎರಡನೆಯದಾಗಿ, ಒಳಮೈಗೆ ಅರಿಸಿನದ ನೀರು ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಜೇಡರ ಬಲೆಯಂತೆ ಹಳದಿ ಗೆರೆಗಳು ಉಳಿದರೆ ಲೇಪ ಬಿರಿದಿದೆ ಎಂದರ್ಥ. ಆ ಬಿರುಕಿನಲ್ಲಿ ಹಳೆಯ ಎಣ್ಣೆ ಮತ್ತು ಬೂಷ್ಟಿನ ಬೀಜ ಅಡಗಿರುತ್ತವೆ. ಈ ಎರಡು ಪರೀಕ್ಷೆಗಳು ಭರಣಿಯ ಗಟ್ಟಿತನವನ್ನು ತಿಳಿಸುತ್ತವೆಯೇ ಹೊರತು ಸೀಸವಿದೆಯೋ ಇಲ್ಲವೋ ಎಂಬುದನ್ನಲ್ಲ. ಆದ್ದರಿಂದ ಹೊಸದನ್ನು ಕೊಳ್ಳುವಾಗ ಆಹಾರಕ್ಕೆಂದೇ ತಯಾರಾದ, ಒಳಗೆ ಬಣ್ಣದ ಚಿತ್ತಾರವಿಲ್ಲದ ಭರಣಿಯನ್ನೇ ಕೊಳ್ಳಬೇಕು.

ಗಾಜನ್ನು ಉಪ್ಪು, ಹುಳಿ, ಎಣ್ಣೆ ಮೂರೂ ಮುಟ್ಟಲಾರವು. ಗಾಜಿನ ಬಾಟಲಿಯ ದುರ್ಬಲ ಅಂಗವೆಂದರೆ ಅದರ ತಗಡಿನ ಮುಚ್ಚಳ. ಒಳಗಿನ ಬಿಳಿ ಲೇಪ ಗೀಚಿದ್ದರೆ ಅಲ್ಲಿ ತುಕ್ಕು ಹುಟ್ಟಿ ಉಪ್ಪಿನಕಾಯಿಯ ಮೇಲೆ ಉದುರುತ್ತದೆ. ಅಂಥ ಮುಚ್ಚಳವನ್ನು ಬದಲಿಸಬೇಕು. ಬೆಳಕು ಬಿದ್ದರೆ ಎಣ್ಣೆ ಬೇಗ ಕಮಟುವುದರಿಂದ ಬಾಟಲಿಯ ಜಾಗ ಕತ್ತಲೆಯ ಕಪಾಟು. ಒಗ್ಗರಣೆಯ ಎಣ್ಣೆ ಪೂರ್ತಿ ಆರಿದ ಮೇಲೆಯೇ ಸುರಿಯಬೇಕು. ಇಲ್ಲವಾದರೆ ಗಾಜು ಸೀಳುತ್ತದೆ.

ಮಾರಾಟಕ್ಕೆ ಪ್ಲಾಸ್ಟಿಕ್ ಡಬ್ಬಿ ಅನಿವಾರ್ಯವೆಂದು ನೀವು ಹೇಳುತ್ತೀರಿ. ಆಗಲಿ. ಲೋಟ ಮತ್ತು ಫೋರ್ಕಿನ ಗುರುತಿರುವ ಹೊಸ ಡಬ್ಬಿಯನ್ನೇ ಬಳಸಿ. ಅಡಿಯ ತ್ರಿಕೋನದಲ್ಲಿ 1, 2 ಅಥವಾ 5 ಎಂಬ ಅಂಕಿ ಇರಲಿ. ಆ ಅಂಕಿ ಪ್ಲಾಸ್ಟಿಕ್ಕಿನ ಜಾತಿಯನ್ನು ಮಾತ್ರ ಹೇಳುತ್ತದೆ. ಆಹಾರಕ್ಕೆ ತಕ್ಕುದೆಂದು ಹೇಳುವುದು ಲೋಟ-ಫೋರ್ಕಿನ ಗುರುತು. ಪ್ಲಾಸ್ಟಿಕ್ಕಿನೊಳಗಿನ ರಾಸಾಯನಿಕಗಳನ್ನು ಎಣ್ಣೆ ನೀರಿಗಿಂತ ಸುಲಭವಾಗಿ ಸೆಳೆಯುತ್ತದೆ, ಬಿಸಿಯಾಗಿದ್ದರೆ ಇನ್ನೂ ಹೆಚ್ಚು. ಬಣ್ಣದ ಬಕೆಟ್ಟು, ಔಷಧಿಯ ಕ್ಯಾನುಗಳನ್ನು ಎಷ್ಟು ಬಾರಿ ತೊಳೆದರೂ ಒಳಗೆ ಇಳಿದದ್ದು ಹೋಗುವುದಿಲ್ಲ. ಅವುಗಳಲ್ಲಿ ಉಪ್ಪಿನಕಾಯಿ ತುಂಬಲೇಬಾರದು.

ಯಾವ ಪಾತ್ರೆಯಾದರೂ ಬಿಸಿನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಂದು ಹನಿಯೂ ಉಳಿಯದಂತೆ ಒಣಗಿಸಬೇಕು. ಹೋಳುಗಳ ಮೇಲೆ ಎಣ್ಣೆ ಅರ್ಧ ಸೆಂಟಿಮೀಟರಿಗೆ ಕಡಿಮೆಯಾಗದಂತೆ ನಿಂತಿರಬೇಕು. ಎಣ್ಣೆ ತಗ್ಗಿ ಹೋಳು ಗಾಳಿಗೆ ಬಂದರೆ ಬೂಷ್ಟು ಕಾಣಿಸಿಕೊಳ್ಳುತ್ತದೆ. ಮೇಲಿನದನ್ನು ತೆಗೆದೊಗೆದು ಕೆಳಗಿನದನ್ನು ಉಳಿಸಿಕೊಳ್ಳುವ ಅಭ್ಯಾಸ ಸರಿಯಲ್ಲ, ಏಕೆಂದರೆ ಬೂಷ್ಟಿನ ಬೇರುಗಳು ಕಣ್ಣಿಗೆ ಕಾಣದೆ ಒಳಗಿಳಿದಿರುತ್ತವೆ. ಉಪ್ಪೇ ಕಡಿಮೆಯಾಗಿದ್ದರೆ ಯಾವ ಭರಣಿಯೂ ಉಪ್ಪಿನಕಾಯಿಯನ್ನು ಕಾಪಾಡಲಾರದು ಎಂಬುದೂ ನೆನಪಿನಲ್ಲಿರಲಿ.

ಉಪನ್ಯಾಸ ಮುಗಿದ ಮೇಲೆ ಒಬ್ಬ ತಾಯಿ ಎದ್ದು ಕೇಳಿದರು: “ಸರ್, ನಮ್ಮ ಅತ್ತೆಯವರ ಕಾಲದ ಭರಣಿ ಐತ್ರೀ. ಒಳಗ ಸಣ್ಣ ಸಣ್ಣ ಬಿರುಕು ಬಿಟ್ಟಾವ. ಇಷ್ಟು ವರ್ಷ ಅದರಾಗ ಉಂಡೇವಿ, ಏನೂ ಆಗಿಲ್ಲ. ಬಿಡಬೇಕೇನ್ರೀ?”

ನಾನು ಹೇಳಿದೆ: “ಭರಣಿಯನ್ನು ಮನೆಯಿಂದ ಹೊರಹಾಕಬೇಡಿರಿ, ತಾಯಿ. ಅದು ಅತ್ತೆಯವರ ನೆನಪು, ಕಪಾಟಿನ ಮೇಲೆ ಇರಲಿ. ಹುಳಿಯನ್ನು ಮಾತ್ರ ಅದಕ್ಕೆ ಹಾಕಬೇಡಿರಿ. ಸೀಸದ ಕೆಡುಕು ಆದ ದಿನವೇ ಕಾಣುವಂಥದಲ್ಲ. ಮನೆಯಲ್ಲಿ ಈಗ ಚಿಕ್ಕ ಮಕ್ಕಳಿದ್ದಾರೆಯೆ?”

ಸೊಸೆ ಬಸುರಿಯೆಂದು ಆ ತಾಯಿ ಹೇಳಿದರು. ಮರುವಾರ ಅವರ ಮನೆಯ ನಿಂಬೆಯ ಉಪ್ಪಿನಕಾಯಿ ಗಾಜಿನ ಭರಣಿಗಳಲ್ಲಿ ಬಿದ್ದಿತ್ತೆಂದು ಸಂಘದ ಕಾರ್ಯದರ್ಶಿಯವರು ತಿಳಿಸಿದರು.