ಚರ್ಮದ ಛಾಯೆ ಮತ್ತು ಕೂದಲ ಬಣ್ಣ

ಗಣಕದಲ್ಲಿ ಭಾವಚಿತ್ರದ ಕೂದಲಿಗೆ ಬಣ್ಣ ಹಚ್ಚಿ ನೋಡುವ ಮೊದಲು, ಚರ್ಮದ ಒಳಛಾಯೆ ಹಳದಿಯ ಕಡೆಗಿದೆಯೋ ಗುಲಾಬಿಯ ಕಡೆಗಿದೆಯೋ ಎಂದು ತಿಳಿಯಬೇಕು. ಚಿತ್ರ ತೆಗೆದ ಬೆಳಕು ಇಲ್ಲಿ ನಮ್ಮನ್ನು ದಾರಿ ತಪ್ಪಿಸಬಹುದು.

ವನದುರ್ಗದ ಮನೆಯೊಂದರಲ್ಲಿ ಹಳದಿ ಬಲ್ಬಿನ ಬೆಳಕಿನಲ್ಲಿ, ಮುಖದ ಪಕ್ಕ ಬಿಳಿ ಹಾಳೆ ಹಿಡಿದು ಚಿತ್ರ ತೆಗೆದರೆಂದು ಭಾವಿಸೋಣ. ಹಾಳೆಯ ಕೆಂಪು, ಹಸಿರು, ನೀಲಿ ಬೆಲೆಗಳು 240, 225, 200; ಕೆನ್ನೆಯವು 170, 120, 90. ಬಿಳಿ ಹಾಳೆಯಲ್ಲಿ ಮೂರೂ ಸಮನಾಗಿರಬೇಕು. ಆದ್ದರಿಂದ ಹಸಿರನ್ನು 240/225ರಿಂದಲೂ ನೀಲಿಯನ್ನು 240/200ರಿಂದಲೂ ಗುಣಿಸಿದರೆ ಕೆನ್ನೆಯ ಬೆಲೆಗಳು 170, 128, 108 ಆಗುತ್ತವೆ. ಹಸಿರು ಮತ್ತು ನೀಲಿಗಳ ಅಂತರ 30ರಿಂದ 20ಕ್ಕೆ ಇಳಿಯಿತು. ಅಂದರೆ ಕೆನ್ನೆಯಲ್ಲಿ ಕಂಡ ಹಳದಿಯ ಒಂದು ಭಾಗ ಬಲ್ಬಿನದು!

ಈಗ ಕೂದಲು. ಮದರಂಗಿಯ ವರ್ಣದ್ರವ್ಯ ನೀಲಿ-ಹಸಿರು ಬೆಳಕನ್ನು ಹೀರುತ್ತದೆ. ಆದರೆ ಕೂದಲಿನಲ್ಲಿರುವ ಮೆಲನಿನ್ನನ್ನು ತೆಗೆಯುವುದಿಲ್ಲ. ಹಾಗಾಗಿ ನರೆಗೂದಲು ಕಿತ್ತಳೆಯಾದರೆ, ಕಪ್ಪು ಕೂದಲಿನಲ್ಲಿ ಬಿಸಿಲಿಗೆ ಮಾತ್ರ ಕೆಂಪು ಹೊಳಪು ಕಾಣುತ್ತದೆ. ಚಿತ್ರದಲ್ಲಿಯೂ ಕಪ್ಪು ಕೂದಲಿನ ಉಜ್ವಲತೆಯನ್ನು ಹೆಚ್ಚಿಸದೆ ವರ್ಣವನ್ನಷ್ಟೇ ಬದಲಿಸಬೇಕು. ಕಪ್ಪು ಕೂದಲು ಹೊಂಬಣ್ಣವಾಗಿ ಕಂಡರೆ, ಬ್ಲೀಚ್ ಮಾಡದೆ ಆ ಫಲ ಸಿಗದು.

ಕೊನೆಗೆ ಹೊಂದಾಣಿಕೆ. ಗಾಢ ಬಣ್ಣದ ಪಕ್ಕದ ಮೇಲ್ಮೈ ಅದರ ಪೂರಕ ಬಣ್ಣದ ಕಡೆಗೆ ವಾಲಿದಂತೆ ಕಣ್ಣಿಗೆ ತೋರುತ್ತದೆ. ಕಡುಗೆಂಪು ಕೂದಲಿನ ಪಕ್ಕ ಹಳದಿ ಛಾಯೆಯ ಮುಖ ತುಸು ಹಸಿರಾಗಿ, ಬಳಲಿದಂತೆ ಕಾಣಬಹುದು. ತಾಮ್ರಗಂದು ಅಷ್ಟು ಎದ್ದು ಹೊಡೆಯದು. ಸರಿಪಡಿಸಿದ ಒಂದೇ ಚಿತ್ರದಲ್ಲಿ ಎರಡೂ ಬಣ್ಣ ಹಚ್ಚಿ, ಅಕ್ಕಪಕ್ಕ ಇಟ್ಟು, ಕೂದಲನ್ನಲ್ಲ, ಕೆನ್ನೆಯನ್ನು ನೋಡಿ. ಮೆಚ್ಚುಗೆ ಅವರವರ ಅಭಿರುಚಿಗೆ ಬಿಟ್ಟದ್ದು. ಬೆಳಕಿನ ದೋಷವನ್ನು ಮಾತ್ರ ಲೆಕ್ಕದಿಂದ ಬಹುಮಟ್ಟಿಗೆ ಕಳೆಯಬಹುದು.