ನಿಮ್ಮ ಒಂದು ಗಂಟೆಗೆ 433 ರೂಪಾಯಿನಾ, 914 ರೂಪಾಯಿನಾ? ಬೆಂಚ್ ಹಿಂದಿನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಐಟಿ ಸರ್ವೀಸಸ್ ಕಂಪನಿಯಲ್ಲಿ ಕೆಲಸ ಮಾಡೋರ ಬಾಯಲ್ಲಿ ಆಗಾಗ ಬರೋ ಮಾತು ಒಂದಿದೆ: "ಕ್ಲೈಂಟ್ ಹತ್ರ ನನ್ನ ಒಂದು ಗಂಟೆಗೆ ಸಾವಿರ ರೂಪಾಯಿ ತಗೋತಾರೆ, ನನಗೆ ಕೊಡೋದು ನಾನೂರು ಚಿಲ್ರೆ. ಉಳಿದದ್ದೆಲ್ಲ ಲಾಭಾನಾ?" ಇವತ್ತು ಆ ಉಳಿದ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ನೋಡೋಣ.

ಈ ಲೆಕ್ಕ ಸುದ್ದಿಯಲ್ಲೂ ಇತ್ತು. 2025ರ ಜೂನ್‌ನಲ್ಲಿ ಟಿಸಿಎಸ್ ಹೊಸ ನಿಯಮ ತಂತು. ಒಬ್ಬ ಉದ್ಯೋಗಿ ವರ್ಷಕ್ಕೆ ಕನಿಷ್ಠ 225 ದಿನ ಬಿಲ್ಲಿಂಗ್‌ನಲ್ಲಿ ಇರಬೇಕು, ಬೆಂಚ್ ಮೇಲೆ 35 ಕೆಲಸದ ದಿನ ದಾಟಬಾರದು. ಎರಡನ್ನೂ ಕೂಡಿಸಿ ನೋಡಿ, 260 ಬರುತ್ತೆ. 52 ವಾರ, ವಾರಕ್ಕೆ 5 ದಿನ ಅಂದ್ರೂ 260. ಒಂದೊಂದು ದಿನಕ್ಕೂ ಯಾಕೆ ಇಷ್ಟು ಬಿಗಿ ಅನ್ನೋದು ಒಂದು ಸಣ್ಣ ಟೀಮ್ ತಗೊಂಡ್ರೆ ಚೆನ್ನಾಗಿ ಅರ್ಥ ಆಗುತ್ತೆ.

ಸಿಂಗಾಪುರದ ಒಂದು ಟೀಮ್

ಸಿಂಗಾಪುರ ಅಂದ್ರೆ ವಿಮಾನ ಹತ್ತಿ ಹೋಗೋ ದೇಶ ಅಲ್ಲ, ನಮ್ಮ ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ. ಮಾನ್ಯತಾ ಟೆಕ್ ಪಾರ್ಕ್‌ನ ಬಾಡಿಗೆ ಬೇಡ ಅಂತ ಅಲ್ಲೊಂದು ಮನೆಯ ಮೇಲಿನ ಮಹಡಿಯಲ್ಲಿ 10 ಜನರ ಸರ್ವೀಸಸ್ ಟೀಮ್ ಇದೆ ಅಂದ್ಕೊಳ್ಳಿ. ಲೆಕ್ಕಕ್ಕೋಸ್ಕರ ಇಟ್ಕೊಂಡಿರೋ ಉದಾಹರಣೆ ಇದು, ಅಂಕಿಗಳೂ ನಾನೇ ಇಟ್ಕೊಂಡಿದ್ದು.

ಇದರಲ್ಲಿ 8 ಜನ ಡೆವಲಪರ್, ಟೆಸ್ಟರ್. ಇವರ ಗಂಟೆಗಳಿಗೆ ಕ್ಲೈಂಟ್ ದುಡ್ಡು ಕೊಡ್ತಾನೆ. ಉಳಿದ ಇಬ್ಬರಲ್ಲಿ ಒಬ್ಬರು ಕೆಲಸ ಹುಡುಕಿ ತರೋರು, ಇನ್ನೊಬ್ಬರು ಅಕೌಂಟ್ಸ್, ಎಚ್‌ಆರ್ ನೋಡ್ಕೊಳ್ಳೋರು. ಇವರಿಬ್ಬರ ಗಂಟೆಗೆ ಯಾವ ಕ್ಲೈಂಟೂ ದುಡ್ಡು ಕೊಡಲ್ಲ. ಡೆವಲಪರ್‌ಗಳ ಸರಾಸರಿ ಸಿಟಿಸಿ 9 ಲಕ್ಷ.

ಮೊದಲು ಎಲ್ರೂ ಮಾಡೋ ಲೆಕ್ಕ. ವರ್ಷಕ್ಕೆ 260 ದಿನ, ದಿನಕ್ಕೆ 8 ಗಂಟೆ, ಅಂದ್ರೆ 2,080 ಗಂಟೆ. 9 ಲಕ್ಷವನ್ನ 2,080ರಿಂದ ಭಾಗಿಸಿದ್ರೆ 433 ರೂಪಾಯಿ. "ಸಾವಿರಕ್ಕೆ ಬಿಲ್ ಮಾಡಿದ್ರೆ ಅರ್ಧಕ್ಕಿಂತ ಹೆಚ್ಚು ಲಾಭ" ಅಂತ ಅನ್ಸೋದು ಇಲ್ಲೇ.

433ರಿಂದ ಮೆಟ್ಟಿಲು ಹತ್ತೋಣ

ಮೊದಲನೇ ಮೆಟ್ಟಿಲು ರಜೆ. ಗಣರಾಜ್ಯೋತ್ಸವದಿಂದ ಕನ್ನಡ ರಾಜ್ಯೋತ್ಸವದವರೆಗೆ 10 ರಜಾದಿನ, ಜೊತೆಗೆ ಒಬ್ಬರು ತಗೊಳ್ಳೋ 20 ರಜೆ. ಉಳಿಯೋದು 230 ದಿನ, 1,840 ಗಂಟೆ. ಸಂಬಳ ಅಷ್ಟೇ ಇದೆ, ಗಂಟೆ ಕಮ್ಮಿ ಆಯ್ತು. ಹಾಗಾಗಿ ಗಂಟೆಯ ವೆಚ್ಚ 489.

ಎರಡನೇದು ಆಫೀಸಲ್ಲಿ ಇದ್ದೂ ಬಿಲ್ ಆಗದ ಸಮಯ. ಟೀಮ್ ಮೀಟಿಂಗ್, ಟ್ರೇನಿಂಗ್, ಹೊಸಬರ ಇಂಟರ್‌ವ್ಯೂ, ಹೊಸ ಪ್ರಾಜೆಕ್ಟ್‌ಗೆ ಎಸ್ಟಿಮೇಟ್ ಹಾಕಿ ಕೊಡೋದು. ದಿನಕ್ಕೆ ಒಂದೇ ಗಂಟೆ ಅಂದ್ರೂ ವರ್ಷಕ್ಕೆ 230 ಗಂಟೆ ಹೋಯ್ತು. ಉಳಿದದ್ದು 1,610. ವೆಚ್ಚ 559.

ಮೂರನೇದು ಬೆಂಚ್. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಶುರು ಆಗೋ ತನಕದ ಗ್ಯಾಪ್. 8 ಜನರಿಗೆ ವರ್ಷಕ್ಕೆ ಒಟ್ಟು 96 ತಿಂಗಳು, ಅದರಲ್ಲಿ 12 ತಿಂಗಳು ಬೆಂಚ್‌ಗೆ ಹೋಯ್ತು ಅಂದ್ಕೊಳ್ಳಿ. ಒಬ್ಬರು ವರ್ಷ ಪೂರ್ತಿ ಸುಮ್ಮನೆ ಕೂತಂಗೆ. 8 ಜನರ ಸಂಬಳ 72 ಲಕ್ಷ, ಆದ್ರೆ ಬಿಲ್ ಆಗೋದು 7 ಜನರಷ್ಟು ಗಂಟೆ, ಅಂದ್ರೆ 11,270. ವೆಚ್ಚ 639.

ನಾಲ್ಕನೇದು ಓವರ್‌ಹೆಡ್. ಬಿಲ್ ಆಗದ ಇಬ್ಬರ ಸಂಬಳ 18 ಲಕ್ಷ. ತಿಂಗಳಿಗೆ 40 ಸಾವಿರದಂತೆ ಬಾಡಿಗೆ 4.8 ಲಕ್ಷ. ಕರೆಂಟು, ಯುಪಿಎಸ್, ಇಂಟರ್‌ನೆಟ್, ಕಾಫಿ, ಟೀ 2.4 ಲಕ್ಷ. ಲ್ಯಾಪ್‌ಟಾಪ್‌ಗಳ ಬೆಲೆಯನ್ನ ಮೂರು ವರ್ಷಕ್ಕೆ ಹಂಚಿದ್ರೆ ಈ ವರ್ಷದ ಪಾಲು 2.5 ಲಕ್ಷ. ಲೈಸೆನ್ಸ್, ಇನ್ಶೂರೆನ್ಸ್, ಆಡಿಟರ್ ಫೀಸು 3.3 ಲಕ್ಷ. ಒಟ್ಟು 31 ಲಕ್ಷ. ಇದನ್ನೂ ಅದೇ 11,270 ಗಂಟೆಗಳೇ ಹೊರಬೇಕು, ಗಂಟೆಗೆ 275 ರೂಪಾಯಿ.

639 ಕೂಡಿಸು 275, ಅಂದ್ರೆ 914. ಒಂದೇ ಸಾಲಲ್ಲಿ ಹೇಳೋದಾದ್ರೆ:

ವರ್ಷದ ಒಟ್ಟು ಖರ್ಚು 1,03,00,000 ÷ ಬಿಲ್ ಆದ ಗಂಟೆ 11,270 = ಸುಮಾರು 914 ರೂಪಾಯಿ

ಸಾವಿರ ರೂಪಾಯಿಯಲ್ಲಿ ಲಾಭ ಉಳಿದದ್ದು 86, ಅದೂ ಟ್ಯಾಕ್ಸ್‌ಗೆ ಮುಂಚೆ.

ಎಡವೋದು ಎಲ್ಲಿ?

ಒಂದು, ಬೆಂಚ್ ಅನ್ನ ಎರಡು ಸಲ ಲೆಕ್ಕ ಹಾಕೋದು. ಗಂಟೆಗಳಲ್ಲಿ ಕಳೆದಾದ ಮೇಲೆ, "ಬೆಂಚ್ ಸಂಬಳ 9 ಲಕ್ಷ" ಅಂತ ಓವರ್‌ಹೆಡ್‌ಗೂ ಸೇರಿಸಿಬಿಡ್ತಾರೆ. ಆ 9 ಲಕ್ಷ ಆಗಲೇ 72 ಲಕ್ಷದ ಒಳಗಿದೆ. ಮತ್ತೆ ಸೇರಿಸಿದ್ರೆ ಗಂಟೆಗೆ ಸುಮಾರು 80 ರೂಪಾಯಿ ಸುಳ್ಳು ವೆಚ್ಚ ಹುಟ್ಕೊಳ್ಳುತ್ತೆ, ಅದನ್ನ ನಂಬಿ ದರ ಹೇಳಿದ್ರೆ ಬರೋ ಕೆಲಸ ಕೈತಪ್ಪುತ್ತೆ.

ಇನ್ನೊಂದು ಯುಟಿಲೈಸೇಶನ್. ನಮ್ಮ ಟೀಮ್ ಎಷ್ಟು ಪರ್ಸೆಂಟ್ ಬಿಲ್ ಆಯ್ತು? 11,270 ಗಂಟೆಯನ್ನ ರಜೆ ಕಳೆದ ಗಂಟೆಗೆ ಹೋಲಿಸಿದ್ರೆ 77, 2,080ರ ಲೆಕ್ಕಕ್ಕೆ ಹೋಲಿಸಿದ್ರೆ 68. ಟೀಮ್ ಒಂದೇ, ಉತ್ತರ ಎರಡು. ಇನ್ಫೋಸಿಸ್ ಕೂಡ ಪ್ರತಿ ತ್ರೈಮಾಸಿಕದಲ್ಲಿ ಟ್ರೇನಿಗಳನ್ನ ಸೇರಿಸಿ ಒಂದು, ಬಿಟ್ಟು ಒಂದು, ಹೀಗೆ ಎರಡು ಅಂಕಿ ಕೊಡುತ್ತೆ. ಹಾಗಾಗಿ ಪರ್ಸೆಂಟ್ ಕೇಳಿದಾಗ "ಯಾವುದರಲ್ಲಿ?" ಅಂತ ಕೇಳಿ.

ಕೆಲವು ಕಡೆ ಬೆಂಚ್ ಇರುತ್ತೆ, ಕಾಣಲ್ಲ. ಕ್ಲೈಂಟ್ ಐದು ಜನಕ್ಕೆ ದುಡ್ಡು ಕೊಡ್ತಿದ್ದಾನೆ, ಪ್ರಾಜೆಕ್ಟ್‌ನಲ್ಲಿ ಆರು ಜನ ಇದ್ದಾರೆ. ಆರನೆಯವರಿಗೆ ಶ್ಯಾಡೋ ಅಂತಾರೆ. ಟೈಮ್‌ಶೀಟ್‌ನಲ್ಲಿ ಅವರೂ ದಿನಕ್ಕೆ 8 ಗಂಟೆ ತುಂಬ್ತಾರೆ. ಪತ್ತೆ ಹಚ್ಚೋದು ಸುಲಭ: ಆ ತಿಂಗಳ ಟೈಮ್‌ಶೀಟ್ ಗಂಟೆ ಮತ್ತು ಇನ್‌ವಾಯ್ಸ್‌ನ ಗಂಟೆ ಅಕ್ಕಪಕ್ಕ ಇಡಿ. ಭಾಗಿಸಬೇಕಾದ್ದು ಇನ್‌ವಾಯ್ಸ್‌ನ ಗಂಟೆಯಿಂದ ಮಾತ್ರ.

ಒಂದು ಕ್ಲೈಂಟ್ ಹೋದ್ರೆ?

ಒಂದು ಪ್ರಾಜೆಕ್ಟ್ ನಿಂತು ಇಬ್ಬರು ತಲಾ ಮೂರು ತಿಂಗಳು ಹೆಚ್ಚಿಗೆ ಬೆಂಚ್‌ಗೆ ಬಂದ್ರು ಅನ್ನಿ. 805 ಗಂಟೆ ಹೋಯ್ತು, 10,465 ಉಳೀತು. ಖರ್ಚು ಒಂದು ರೂಪಾಯಿನೂ ಇಳಿದಿಲ್ಲ. ವೆಚ್ಚ ಗಂಟೆಗೆ 984. ವರ್ಷದ ಲಾಭ 9.7 ಲಕ್ಷ ಇದ್ದದ್ದು 1.65 ಲಕ್ಷಕ್ಕೆ ಬಿತ್ತು.

ಆಗ ಯಾರೋ ಬಂದು, ಆ 805 ಗಂಟೆಗೆ 750 ರೂಪಾಯಿ ಕೊಡ್ತೀನಿ ಅಂತಾರೆ. 914ಕ್ಕಿಂತ ಕಮ್ಮಿ, ಬೇಡ ಅನ್ಬೇಕಾ? ಅವರಿಬ್ಬರ ಸಂಬಳ, ಬಾಡಿಗೆ ಹೇಗಿದ್ರೂ ಹೋಗ್ತಿದೆ. ಒಪ್ಕೊಂಡ್ರೆ 6 ಲಕ್ಷ ಬರುತ್ತೆ, ಲಾಭ 7.7 ಲಕ್ಷದ ಹತ್ರ ಏರುತ್ತೆ. ಹಾಗಾಗಿ ಮೂರು ತಿಂಗಳ ಮಟ್ಟಿಗೆ ಹೂಂ ಅನ್ನಬಹುದು. ಆದ್ರೆ ಆ ಇಬ್ಬರು ಅಲ್ಲೇ ಸಿಕ್ಕಿಹಾಕ್ಕೊಂಡು ಸಾವಿರ ರೂಪಾಯಿಯ ಕೆಲಸ ತಪ್ಪಬಾರದು, ಹಳೇ ಕ್ಲೈಂಟ್‌ಗಳೂ 750 ಕೇಳೋ ಹಂಗೆ ಆಗಬಾರದು. 11,270 ಗಂಟೆಯನ್ನೂ 750ಕ್ಕೆ ಕೊಟ್ರೆ ವರ್ಷಕ್ಕೆ 18 ಲಕ್ಷಕ್ಕೂ ಮೇಲೆ ನಷ್ಟ, ಮೊದಲು ಹೋಗೋದು ಆ ಎಂಟು ಜನರಲ್ಲೇ ಒಬ್ಬಿಬ್ಬರ ಕೆಲಸ.

ಮುಂದಿನ ಸಲ ಮ್ಯಾನೇಜರ್ ಬಿಲ್ಲಿಂಗ್ ದರ ಹೇಳಿದಾಗ, ನಿಮ್ಮ ಟೀಮ್‌ನಲ್ಲಿ ಕಳೆದ ವರ್ಷ ಎಷ್ಟು ಗಂಟೆ ಇನ್‌ವಾಯ್ಸ್ ಆಯ್ತು ಅಂತಾನೂ ಕೇಳಿ. ಸಂಬಳ ಏರಿಸೋಕೆ ಜಾಗ ಇದೆಯಾ ಇಲ್ವಾ ಅನ್ನೋದು ಆ ಎರಡನೇ ಅಂಕಿಯಲ್ಲಿ ಗೊತ್ತಾಗುತ್ತೆ. ಇವತ್ತಿಗೆ ಇಷ್ಟೇ, ಸಿಗೋಣ.