ಬ್ಯಾಂಕಿನ ಪತ್ರದಲ್ಲಿ ಏನು ಬರೆದಿದೆ?

ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ, ಅದು ಏಕಾಏಕಿ ಬಿದ್ದುಹೋಯಿತು ಎಂದು ಬೆಂಗಳೂರಿನಲ್ಲಿ ಅನೇಕರಿಗೆ ಅನ್ನಿಸಿತು. ಹಾಗೇನೂ ಇರಲಿಲ್ಲ. ಕಂಪನಿ ಮುಂದೆಯೂ ನಡೆಯುತ್ತದೆ ಎಂಬ ಎಣಿಕೆ ನಿಲ್ಲಬೇಕಾದರೆ ಹೊಸದಾಗಿ ಹಣ ಬರಲೇಬೇಕು ಎಂಬ ಅರ್ಥದ ಮಾತನ್ನು 2010-11ರ ವರದಿಯಲ್ಲೇ ಆಡಿಟರ್ ಬರೆದಿದ್ದರು. ಓದಿದವರು ಕಡಿಮೆ.

ಆ ಎಣಿಕೆಗೆ ಲೆಕ್ಕದವರು ‘ಗೋಯಿಂಗ್ ಕನ್ಸರ್ನ್’ ಅನ್ನುತ್ತಾರೆ. ಕಾರ್ಖಾನೆಯ ಯಂತ್ರಕ್ಕೆ ಪುಸ್ತಕದಲ್ಲಿ ಐವತ್ತು ಕೋಟಿ ಬೆಲೆ ಇದ್ದರೆ, ಅದು ಇನ್ನೂ ಹತ್ತು ವರ್ಷ ಓಡುತ್ತದೆ ಎಂಬ ಲೆಕ್ಕದಲ್ಲಿ ಇರುತ್ತದೆ. ನಾಳೆ ಬಾಗಿಲು ಹಾಕಿದರೆ ಅದೇ ಯಂತ್ರವನ್ನು ಗುಜರಿಯವನು ತೂಕ ಹಾಕಿ ಕೊಳ್ಳುತ್ತಾನೆ. ಆದ್ದರಿಂದ ಬ್ಯಾಲೆನ್ಸ್ ಶೀಟ್ ತಾರೀಖಿನಿಂದ ಕನಿಷ್ಠ ಹನ್ನೆರಡು ತಿಂಗಳು ಕಂಪನಿ ನಡೆಯುತ್ತದೆಯೇ ಎಂದು ಆಡಳಿತ ಮಂಡಳಿ ತಾನೇ ಅಳೆದು ನೋಡಬೇಕು. ಆ ಅಳತೆ ಸರಿಯೇ ಎಂದು ಆಡಿಟರ್ ಪರೀಕ್ಷಿಸಬೇಕು. ಭಾರತದಲ್ಲಿ ಇದಕ್ಕೆ ಎಸ್‌ಎ 570 ಎಂಬ ಮಾನದಂಡವಿದೆ.

ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ವಾಹನದ ಬಿಡಿಭಾಗ ಮಾಡುವ ಕಾರ್ಖಾನೆ, ವರ್ಷಕ್ಕೆ 90 ಕೋಟಿ ವಹಿವಾಟು. ಮೂರು ವರ್ಷದಿಂದ ನಷ್ಟ. ಈ ವರ್ಷದ್ದು 5 ಕೋಟಿ. ಬ್ಯಾಂಕಿಗೆ 40 ಕೋಟಿ ಸಾಲ ಬಾಕಿ. ಆದರೆ ಒಂದು ಕಂತೂ ತಪ್ಪಿಲ್ಲ. ಕಂತು ತಪ್ಪದಿದ್ದ ಮೇಲೆ ತೊಂದರೆ ಎಲ್ಲಿ ಬಂತು ಎಂದು ನಿರ್ದೇಶಕರು ಕೇಳುತ್ತಾರೆ.

ತೊಂದರೆ ಇರುವುದು ಸಾಲದ ಒಪ್ಪಂದದಲ್ಲಿ. ಕಂತು ಕಟ್ಟುವುದರ ಜೊತೆಗೆ ಕೆಲವು ಷರತ್ತುಗಳನ್ನೂ ಪಾಲಿಸುತ್ತೇನೆಂದು ಕಂಪನಿ ಸಹಿ ಹಾಕಿರುತ್ತದೆ. ಅವುಗಳಲ್ಲಿ ಮುಖ್ಯವಾದದ್ದು, ವರ್ಷಕ್ಕೆ ತೀರಿಸಬೇಕಾದ ಪ್ರತಿ ಒಂದು ರೂಪಾಯಿ ಅಸಲು-ಬಡ್ಡಿಗೆ ಎದುರಾಗಿ ಕನಿಷ್ಠ ಒಂದು ರೂಪಾಯಿ ಇಪ್ಪತ್ತು ಪೈಸೆ ದುಡಿಮೆ ಇರಬೇಕು ಎಂಬುದು. ನಮ್ಮ ಕಂಪನಿಯ 5 ಕೋಟಿ ನಷ್ಟಕ್ಕೆ, ಕೈಯಿಂದ ಹೋಗದ ಸವಕಳಿ 7 ಕೋಟಿಯನ್ನೂ ಬಡ್ಡಿ 4 ಕೋಟಿಯನ್ನೂ ಮರಳಿ ಸೇರಿಸಿದರೆ ದುಡಿಮೆ 6 ಕೋಟಿ. ತೀರಿಸಬೇಕಾದದ್ದು ಅಸಲು 6, ಬಡ್ಡಿ 4, ಒಟ್ಟು 10 ಕೋಟಿ. ರೂಪಾಯಿಗೆ ಅರವತ್ತೇ ಪೈಸೆ.

ಹಾಗಾದರೆ ಉಳಿದ ನಲವತ್ತು ಪೈಸೆ ಎಲ್ಲಿಂದ ಬಂತು? ಆಡಿಟರ್ ಪೂರೈಕೆದಾರರ ಖಾತೆ ತೆರೆದು ನೋಡುತ್ತಾನೆ. ನಲವತ್ತೈದು ದಿನಕ್ಕೆ ಹಣ ಪಡೆಯುತ್ತಿದ್ದ ಕಬ್ಬಿಣದ ವ್ಯಾಪಾರಿ ಈಗ ನೂರಹತ್ತು ದಿನ ಕಾಯುತ್ತಿದ್ದಾನೆ. ಪಿಎಫ್ ಚಲನ್‌ಗಳ ತಾರೀಖೂ ತಿಂಗಳಿಂದ ತಿಂಗಳಿಗೆ ಹಿಂದೆ ಬೀಳುತ್ತಿದೆ. ಬ್ಯಾಂಕಿನ ಕಂತನ್ನು ಕಟ್ಟಿದವರು ನಿಜಕ್ಕೂ ಈ ವ್ಯಾಪಾರಿಗಳು.

ಷರತ್ತು ಮುರಿದರೆ ಬ್ಯಾಂಕಿಗೆ ಇಡೀ ಸಾಲವನ್ನು ಒಮ್ಮೆಗೇ ಕೇಳುವ ಹಕ್ಕು ಬರುತ್ತದೆ. ಕೇಳುತ್ತದೆಯೋ ಇಲ್ಲವೋ ಬೇರೆ ಮಾತು, ಹಕ್ಕು ಬಂದರೆ ಸಾಕು, ಲೆಕ್ಕ ಬದಲಾಗುತ್ತದೆ. ಮುಂದಿನ ವರ್ಷಗಳಲ್ಲಿ ತೀರಿಸಬೇಕಿದ್ದ 34 ಕೋಟಿಯೂ ಈ ವರ್ಷದ ಹೊಣೆಗಳ ಸಾಲಿಗೆ ಬಂದು ಕೂರುತ್ತದೆ. ಮೊದಲು 30 ಕೋಟಿ ಚರ ಸ್ವತ್ತಿಗೆ 24 ಕೋಟಿ ಹೊಣೆ ಇತ್ತು. ಈಗ ಅದೇ 30 ಕೋಟಿಗೆ 58 ಕೋಟಿ. ಬೇರೆ ಬ್ಯಾಂಕಿನ ಸಾಲವಿದ್ದರೆ ಅದರ ಒಪ್ಪಂದವನ್ನೂ ಓದಬೇಕು. ಒಂದು ಕಡೆ ಷರತ್ತು ಮುರಿದರೆ ತನ್ನಲ್ಲೂ ಮುರಿದ ಹಾಗೆ ಎಂಬ ಸಾಲು ಅಲ್ಲಿ ಸಾಮಾನ್ಯವಾಗಿ ಇರುತ್ತದೆ.

ಆಡಳಿತ ಮಂಡಳಿ ಎರಡು ಪುಟದ ಟಿಪ್ಪಣಿಯನ್ನೂ ಒಂದು ಎಕ್ಸೆಲ್ ಹಾಳೆಯನ್ನೂ ಕೊಡುತ್ತದೆ. ಮುಂದಿನ ವರ್ಷ ಮಾರಾಟ ಶೇಕಡ 25ರಷ್ಟು ಏರುತ್ತದೆ, ಸೆಪ್ಟೆಂಬರ್‌ನಲ್ಲಿ ಖಾಲಿ ಜಮೀನು ಮಾರಿ 9 ಕೋಟಿ ಬರುತ್ತದೆ, ಪ್ರವರ್ತಕರು ಬೆಂಬಲಕ್ಕಿದ್ದಾರೆ, ಬ್ಯಾಂಕು ಷರತ್ತಿಗೆ ವಿನಾಯಿತಿ ಕೊಡುತ್ತದೆ. ತಿಂಗಳುವಾರು ನಗದಿನ ಅಂದಾಜಿನಲ್ಲಿ ಎಲ್ಲಕ್ಕಿಂತ ಕೆಳಗಿನ ತಿಂಗಳು ನವೆಂಬರ್. ಆಗಲೂ ಕೈಯಲ್ಲಿ 40 ಲಕ್ಷ ಉಳಿಯುತ್ತದೆ.

ಅನುಭವಸ್ಥ ಆಡಿಟರ್ ಈ ಹಾಳೆಗೆ ಕೈಹಾಕುವ ಮೊದಲು ಹಳೆಯ ಹಾಳೆಗಳನ್ನು ಕೇಳುತ್ತಾನೆ. ಎರಡು ವರ್ಷದ ಹಿಂದೆ 100 ಕೋಟಿ ಅಂದಿದ್ದರು, ಆದದ್ದು 88. ಹೋದ ವರ್ಷ 105 ಅಂದಿದ್ದರು, ಆದದ್ದು 90. ಸುಳ್ಳು ಹೇಳಿದರು ಅಂತಲ್ಲ. ಮುಳುಗುವ ಕಂಪನಿಯ ಮಾಲೀಕನಿಗೆ ಆಶೆಯೇ ಅಂದಾಜಾಗಿಬಿಡುತ್ತದೆ. ಶೇಕಡ 25ಕ್ಕೆ ಆಧಾರವೇನು, ಆರ್ಡರ್ ಕೈಗೆ ಬಂದಿದೆಯೋ ಬರೀ ಮಾತುಕತೆಯೋ ಎಂದು ಕೇಳಬೇಕಾಗುತ್ತದೆ.

ಮಾರಾಟದ ಅಂದಾಜನ್ನು ಹಾಗೆಯೇ ಒಪ್ಪಿದರೂ ಜಮೀನಿನ ಬಾಬತ್ತು ಬೇರೆಯೇ ಕಥೆ ಹೇಳುತ್ತದೆ. ಅದರ ಪತ್ರಗಳು ಬ್ಯಾಂಕಿನಲ್ಲಿ ಅಡಮಾನ ಇವೆ. ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಮಾರಿದರೆ ಆ 9 ಕೋಟಿ ಸಾಲಕ್ಕೆ ಜಮಾ ಆಗಬೇಕೆಂದು ಒಪ್ಪಂದ ಹೇಳುತ್ತದೆ. ಸಾಲವೇನೋ ಇಳಿಯುತ್ತದೆ, ಆದರೆ ಸಂಬಳ ಕೊಡಲು, ಕಬ್ಬಿಣ ಕೊಳ್ಳಲು ಆ ಹಣ ಸಿಗುವುದಿಲ್ಲ. ಹಾಳೆಯಿಂದ 9 ಕೋಟಿ ತೆಗೆದರೆ ನವೆಂಬರ್‌ನಲ್ಲಿ 40 ಲಕ್ಷ ಉಳಿಯುವ ಬದಲು 8 ಕೋಟಿ 60 ಲಕ್ಷ ಸಾಲದಾಗುತ್ತದೆ.

ಪ್ರವರ್ತಕರ ಬೆಂಬಲ ಪತ್ರದಲ್ಲಿ ಎಷ್ಟು ಹಣ, ಎಂದಿನವರೆಗೆ ಎಂಬುದು ಇಲ್ಲದಿದ್ದರೆ ಅದಕ್ಕೆ ಶುಭಾಶಯ ಪತ್ರದ ಬೆಲೆ. ಇದ್ದರೂ ಅವರ ಬಳಿ ಹಣ ಇದೆಯೇ ಎಂದು ನೋಡಬೇಕು. ಅವರು ತಮ್ಮ ಮನೆ-ಆಸ್ತಿಯನ್ನೆಲ್ಲ ಇದೇ 40 ಕೋಟಿಗೆ ಜಾಮೀನಾಗಿ ಬರೆದುಕೊಟ್ಟಿದ್ದರೆ, ಅದೇ ಆಸ್ತಿಯನ್ನು ಎರಡನೆಯ ಸಲ ಎಣಿಸುವಂತಿಲ್ಲ.

ಕೊನೆಗೆ ಬ್ಯಾಂಕಿನ ಪತ್ರ. ಹೆಚ್ಚಿನ ಕಂಪನಿಗಳು ತೋರಿಸುವುದು ‘ನಿಮ್ಮ ಮನವಿ ಪರಿಶೀಲನೆಯಲ್ಲಿದೆ’ ಎಂಬ ಇಮೇಲ್. ಅದು ವಿನಾಯಿತಿ ಅಲ್ಲ. ನಿಜವಾದ ಪತ್ರ ಬಂದಿದ್ದರೂ ಅದು ಮಾರ್ಚ್ 31ಕ್ಕೆ ಮೊದಲು ಬಂತೋ ನಂತರವೋ, ಎಷ್ಟು ಕಾಲಕ್ಕೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಜೂನ್ 30ರವರೆಗೆ ಮಾತ್ರ ಎಂದಿದ್ದರೆ ಜುಲೈ 1ರಂದು ಕಂಪನಿ ಮತ್ತೆ ಅಲ್ಲಿಗೇ ಬರುತ್ತದೆ. ಆಡಿಟರ್ ಸಾಧ್ಯವಾದಷ್ಟೂ ಬ್ಯಾಂಕಿನಿಂದಲೇ ನೇರವಾಗಿ ಉತ್ತರ ತರಿಸಿಕೊಳ್ಳುವುದು ಇದಕ್ಕೇ.

ಇಷ್ಟಾದ ಮೇಲೂ ಕಂಪನಿ ಮುಚ್ಚಿಹೋಗುತ್ತದೆ ಎಂದು ಆಡಿಟರ್ ಹೇಳುತ್ತಿಲ್ಲ. ನಮ್ಮ ಕಲ್ಪನೆಯ ಕಂಪನಿ ನಡೆದರೂ ನಡೆಯಬಹುದು. ಆದರೆ ಅದು ಇನ್ನೂ ಕೈಗೆ ಬಾರದ ಎರಡು ಪತ್ರಗಳ ಮೇಲೆ ನಿಂತಿದೆ. ಈ ಅನಿಶ್ಚಿತತೆಯನ್ನು ಕಂಪನಿ ತನ್ನ ಟಿಪ್ಪಣಿಯಲ್ಲಿ ಬಿಚ್ಚಿ ಬರೆದರೆ ಆಡಿಟರ್ ಅಭಿಪ್ರಾಯ ಬದಲಿಸುವುದಿಲ್ಲ, ಪ್ರತ್ಯೇಕ ತಲೆಬರಹದಡಿ ಓದುಗರ ಗಮನಕ್ಕೆ ತರುತ್ತಾನೆ. ಮುಚ್ಚಿಟ್ಟರೆ ವರದಿಯಲ್ಲೇ ಆಕ್ಷೇಪ ಬರುತ್ತದೆ. ನಡೆಯುವ ದಾರಿಯೇ ಇಲ್ಲದಿದ್ದರೂ ನಡೆಯುತ್ತದೆ ಎಂಬ ಲೆಕ್ಕದಲ್ಲೇ ಬರೆದಿದ್ದರೆ ಪ್ರತಿಕೂಲ ಅಭಿಪ್ರಾಯ. ಎಷ್ಟೋ ಸಲ ನಿರ್ದೇಶಕರು ಬೇಡುವುದು ಒಂದೇ: ಆ ತಲೆಬರಹ ಬೇಡ, ಅದನ್ನು ಕಂಡರೆ ಬ್ಯಾಂಕು ಗಾಬರಿಯಾಗುತ್ತದೆ ಎಂದು. ಈ ಒತ್ತಾಯಕ್ಕೆ ಮಣಿದ ವರದಿ ಯಾರಿಗೂ ಕೆಲಸಕ್ಕೆ ಬಾರದು.

ನಿಮ್ಮಲ್ಲಿ ಯಾವುದಾದರೂ ಕಂಪನಿಯ ಷೇರು ಇದ್ದು, ಅದು ಮೂರು ವರ್ಷದಿಂದ ನಷ್ಟದಲ್ಲಿದ್ದರೆ, ವಾರ್ಷಿಕ ವರದಿಯಲ್ಲಿ ಅಧ್ಯಕ್ಷರ ಭಾಷಣ ಬಿಟ್ಟು ಆಡಿಟರ್ ವರದಿಗೆ ಹೋಗಿ. ಆ ತಲೆಬರಹ ಇದೆಯೇ ನೋಡಿ. ಆಮೇಲೆ ಅದರ ಅನುಬಂಧದಲ್ಲಿ ಹತ್ತೊಂಬತ್ತನೆಯ ಕಲಂ ಓದಿ. ಮುಂದಿನ ಒಂದು ವರ್ಷದ ಹೊಣೆಗಳನ್ನು ಕಂಪನಿ ತೀರಿಸಬಲ್ಲದೇ ಎಂದು ಆಡಿಟರ್ ಅಲ್ಲಿ ಹೇಳಲೇಬೇಕು.